ಎಲ್ಲ ಇನ್‌ಪುಟ್‌ಗಳೂ ಸೊನ್ನೆಯಾದಾಗ ಪ್ರಯಾರಿಟಿ ಎನ್‌ಕೋಡರ್ ಏನು ಹೇಳಬೇಕು?

ಓದುಗರ ಪ್ರಶ್ನೆ: ನಾಲ್ಕು ಇನ್‌ಪುಟ್‌ಗಳ ಪ್ರಯಾರಿಟಿ ಎನ್‌ಕೋಡರನ್ನು ಬ್ರೆಡ್‌ಬೋರ್ಡಿನ ಮೇಲೆ ಕಟ್ಟಿದ್ದೇನೆ. D0 ಒಂದಕ್ಕೆ ಮಾತ್ರ 1 ಕೊಟ್ಟಾಗ ಔಟ್‌ಪುಟ್ 00 ಬರುತ್ತದೆ. ನಾಲ್ಕನ್ನೂ ಗ್ರೌಂಡಿಗೆ ಜೋಡಿಸಿದಾಗಲೂ 00 ಬರುತ್ತದೆ. ಆದರೆ ಪುಸ್ತಕದ ಟ್ರುತ್ ಟೇಬಲ್ಲಿನಲ್ಲಿ ಎರಡನೆಯ ಸ್ಥಿತಿಗೆ x ಎಂದು ಬರೆದಿದ್ದಾರೆ. ತಪ್ಪಿರುವುದು ನನ್ನ ಸರ್ಕ್ಯೂಟಿನಲ್ಲೋ, ಪುಸ್ತಕದಲ್ಲೋ?

ಉತ್ತರ: ಎರಡರಲ್ಲೂ ತಪ್ಪಿಲ್ಲ. ನೀವು ಕಂಡ ಎರಡು 00ಗಳು ಬೇರೆ ಬೇರೆ ಸಂಗತಿಗಳನ್ನು ಹೇಳುತ್ತಿವೆ. ಅವುಗಳನ್ನು ಬೇರ್ಪಡಿಸುವ ಮೂರನೆಯ ತಂತಿಯೊಂದು ನಿಮ್ಮ ಸರ್ಕ್ಯೂಟಿನಲ್ಲಿ ಇಲ್ಲ, ಅಷ್ಟೆ. ಆ ತಂತಿಯೇ V, ಅಂದರೆ ಔಟ್‌ಪುಟ್ಟನ್ನು ನಂಬಬಹುದೇ ಇಲ್ಲವೇ ಎಂಬುದನ್ನು ತಿಳಿಸುವ ವ್ಯಾಲಿಡ್ ಬಿಟ್. D3ಗೆ ಅತಿ ಹೆಚ್ಚಿನ ಆದ್ಯತೆ ಇದೆಯೆಂದು ಇಟ್ಟುಕೊಂಡರೆ ಪೂರ್ಣ ಟೇಬಲ್ ಹೀಗಿರುತ್ತದೆ:

```
D3 D2 D1 D0 | Y1 Y0 V
 0  0  0  0 |  x  x 0
 0  0  0  1 |  0  0 1
 0  0  1  x |  0  1 1
 0  1  x  x |  1  0 1
 1  x  x  x |  1  1 1
```

ಈ ಟೇಬಲ್ಲಿನಲ್ಲಿ x ಎರಡು ಬೇರೆ ಅರ್ಥಗಳಲ್ಲಿ ಬಂದಿದೆ, ಗೊಂದಲ ಹುಟ್ಟುವುದು ಬಹುಮಟ್ಟಿಗೆ ಇಲ್ಲಿಯೇ. ಎಡಭಾಗದ x ಎಂದರೆ ಆ ಇನ್‌ಪುಟ್ 0 ಆಗಿದ್ದರೂ 1 ಆಗಿದ್ದರೂ ಫಲಿತಾಂಶ ಬದಲಾಗದು ಎಂದರ್ಥ. ಒಂದೊಂದು x ಇದ್ದಾಗ ಆ ಸಾಲು ಎರಡು ಸಾಲುಗಳ ಬದಲಿಗೆ ನಿಲ್ಲುತ್ತದೆ. ಆದ್ದರಿಂದ ಐದು ಸಾಲುಗಳು ಕ್ರಮವಾಗಿ 1, 1, 2, 4 ಮತ್ತು 8 ಸಂಯೋಜನೆಗಳನ್ನು ಒಳಗೊಂಡು, ಒಟ್ಟು 16 ಸಂಯೋಜನೆಗಳಲ್ಲಿ ಒಂದೂ ಬಿಟ್ಟುಹೋಗುವುದಿಲ್ಲ. ಆದ್ಯತೆಯ ನಿಯಮವೂ ಈ x ಗಳಲ್ಲಿಯೇ ಅಡಗಿದೆ: D3 ಬಂದ ಮೇಲೆ ಕೆಳಗಿನ ಮೂವರನ್ನು ಕೇಳುವ ಅಗತ್ಯವೇ ಇಲ್ಲ. ಬಲಭಾಗದ x ಹಾಗಲ್ಲ. ಆ ಸ್ಥಿತಿಯಲ್ಲಿ Y1, Y0 ಏನೇ ಆಗಿದ್ದರೂ ಅದನ್ನು ಯಾರೂ ಓದುವುದಿಲ್ಲವೆಂದು ವಿನ್ಯಾಸಕಾರರು ಒಪ್ಪಿಕೊಂಡಿದ್ದಾರೆ ಎಂಬುದು ಅದರ ಅರ್ಥ. ನಿಜವಾದ ಗೇಟಿನ ಔಟ್‌ಪುಟ್ ಕಾಲಿನಲ್ಲಿ x ಎಂಬ ವೋಲ್ಟೇಜು ಇರುವುದಿಲ್ಲ. ಅಲ್ಲಿ 0 ಬರಬೇಕು ಇಲ್ಲವೇ 1 ಬರಬೇಕು.

ನಿಮ್ಮ ಬೋರ್ಡಿನಲ್ಲಿ 0 ಬಂದದ್ದೇಕೆ ಎಂಬುದು ಸಮೀಕರಣಗಳಲ್ಲಿ ಕಾಣುತ್ತದೆ. ಕೆ-ಮ್ಯಾಪಿನಲ್ಲಿ 0000ದ ಚೌಕಕ್ಕೆ x ಹಾಕಿ ಸರಳೀಕರಿಸಿದರೆ ಹೀಗೆ ಬರುತ್ತದೆ:

```
Y1 = D3 + D2
Y0 = D3 + D2'·D1
V  = D3 + D2 + D1 + D0
```

0000ದ ಆ x ಅನ್ನು 1 ಎಂದು ಹಿಡಿದರೆ ಯಾವ ಗುಂಪೂ ದೊಡ್ಡದಾಗುವುದಿಲ್ಲ. ಹೀಗಾಗಿ ಅದು ತಾನಾಗಿ 0 ಆಗಿ ಉಳಿಯುತ್ತದೆ ಮತ್ತು ಸರ್ಕ್ಯೂಟ್ 00 ಕೊಡುತ್ತದೆ. ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯನ್ನು ಗಮನಿಸಿ: ಮೊದಲ ಎರಡು ಸಮೀಕರಣಗಳಲ್ಲಿ D0 ಎಲ್ಲಿಯೂ ಇಲ್ಲ. 0000 ಮತ್ತು 0001ರ ನಡುವೆ ಇರುವ ವ್ಯತ್ಯಾಸ D0 ಒಂದೇ ಆಗಿರುವುದರಿಂದ, D0 ಅನ್ನೇ ನೋಡದ Y1, Y0 ಗಳು ಆ ವ್ಯತ್ಯಾಸವನ್ನು ಹೇಳಲಾರವು. ಸಮೀಕರಣವನ್ನು ಬೇರೆ ರೀತಿಯಲ್ಲಿ ಬರೆದರೂ ಇದು ಪೂರ್ತಿ ಬಗೆಹರಿಯದು. ಎನ್‌ಕೋಡರ್ ಹೇಳಬೇಕಾದ ಸಂಗತಿಗಳು ಐದು: ನಾಲ್ಕರಲ್ಲಿ ಯಾವುದು ಗೆದ್ದಿತು ಎಂಬುದಕ್ಕೆ ನಾಲ್ಕು, ಯಾವುದೂ ಬಂದಿಲ್ಲ ಎಂಬುದಕ್ಕೆ ಒಂದು. ಎರಡು ಬಿಟ್‌ಗಳಲ್ಲಿ ಇರುವುದು ನಾಲ್ಕೇ ಸಂಕೇತಗಳು. ಹಾಗಾಗಿ ಮೂರನೆಯ ಬಿಟ್ ಅನಿವಾರ್ಯ.

ಕಟ್ಟುವಾಗ V ಗೆ ನಾಲ್ಕು ಇನ್‌ಪುಟ್‌ಗಳ ಪ್ರತ್ಯೇಕ ಆರ್ ಗೇಟ್ ಬೇಕಾಗಿಲ್ಲ. D3 + D2 ಎಂಬುದು Y1 ಆಗಿ ಈಗಾಗಲೇ ಸಿದ್ಧವಾಗಿರುವುದರಿಂದ V = (Y1 + D1) + D0 ಎಂದು ಎರಡು ಆರ್ ಗೇಟ್‌ಗಳಲ್ಲಿ ಮುಗಿಯುತ್ತದೆ. Y1ಗೆ ಒಂದು, Y0ಗೆ ಒಂದು, V ಗೆ ಎರಡು, ಹೀಗೆ ಬೇಕಾಗುವ ನಾಲ್ಕು ಆರ್ ಗೇಟ್‌ಗಳೂ ಒಂದೇ 74LS32 ಚಿಪ್ಪಿನಲ್ಲಿ ಸಿಗುತ್ತವೆ. D2ವನ್ನು ತಿರುಗಿಸಲು 74LS04ರ ಒಂದು ಗೇಟು, D1ರ ಜೊತೆ ಸೇರಿಸಲು 74LS08ರ ಒಂದು ಗೇಟು ಸಾಕು. ಈಗ 0110 ಕೊಟ್ಟು ನೋಡಿ. D2 ಇರುವುದರಿಂದ Y1 = 1. D2 ತಿರುಗಿ 0 ಆಗಿ D1ರ ದಾರಿಯನ್ನು ಮುಚ್ಚುವುದರಿಂದ Y0 = 0. V = 1. ಅಂದರೆ ಉತ್ತರ 10, ಗೆದ್ದದ್ದು D2. ನೀವು ಇನ್‌ಪುಟ್‌ಗಳನ್ನು ಗ್ರೌಂಡಿಗೆ ಜೋಡಿಸಿ ಪರೀಕ್ಷಿಸಿದ್ದು ಸರಿಯಾದ ಕ್ರಮ. ಈ ಚಿಪ್ಪುಗಳಲ್ಲಿ ಏನೂ ಜೋಡಿಸದೆ ಬಿಟ್ಟ ಇನ್‌ಪುಟ್ ಸಾಮಾನ್ಯವಾಗಿ 1 ಎಂದೇ ಓದಿಕೊಳ್ಳುತ್ತದೆ. ಹಾಗೆ ಬಿಟ್ಟಿದ್ದರೆ 11 ಬಂದು, ಗೊಂದಲ ಇನ್ನೂ ಹೆಚ್ಚುತ್ತಿತ್ತು. V ಸರಿಯಾಗಿದೆಯೇ ಎಂದು ತಿಳಿಯಲು D0 ಒಂದನ್ನೇ 0ಯಿಂದ 1ಕ್ಕೆ ಏರಿಸಿ: Y1, Y0 ಅಲುಗಾಡದೆ V ಮಾತ್ರ ಬದಲಾಗಬೇಕು. ಅದೂ ಬದಲಾಗದಿದ್ದರೆ ಕೊನೆಯ ಆರ್ ಗೇಟಿಗೆ D0 ತಲುಪಿಲ್ಲ.

V ಅನ್ನು ಎಲ್‌ಇಡಿಗೆ ಜೋಡಿಸಿದರೆ ಕೆಲಸ ಮುಗಿಯಲಿಲ್ಲ. ಮುಂದಿನ ಘಟ್ಟ ಅದನ್ನು ನೋಡಿಯೇ ನಡೆಯಬೇಕು. Y1, Y0 ಗಳನ್ನು ಪ್ರತಿ ಕ್ಲಾಕಿಗೂ ರಿಜಿಸ್ಟರಿನಲ್ಲಿ ಬರೆದಿಡುವ ವ್ಯವಸ್ಥೆಯಿದ್ದರೆ, ಆ ರಿಜಿಸ್ಟರಿನ ಎನೇಬಲ್ ತಂತಿ V ಆಗಿರಬೇಕು. ಇಲ್ಲವಾದರೆ ಯಾರೂ ಕರೆಯದ ಪ್ರತಿ ಕ್ಲಾಕಿನಲ್ಲೂ D0 ಕರೆಯಿತೆಂದೇ ದಾಖಲಾಗುತ್ತದೆ. D0 ಬರದಿದ್ದರೂ ಅದರ ಕೆಲಸ ಮತ್ತೆ ಮತ್ತೆ ನಡೆಯುತ್ತಿದ್ದರೆ, ನಾನು ಮೊದಲು ಹುಡುಕುವುದು ಈ ಜೋಡಣೆಯನ್ನೇ.

ವೆರಿಲಾಗಿನಲ್ಲಿ ಬರೆಯುವವರಿಗೆ ಇದೇ 0000 ಬೇರೊಂದು ರೂಪದಲ್ಲಿ ಎದುರಾಗುತ್ತದೆ.

```verilog
always @(*) begin
  y = 2'b00;
  v = |d;
  if      (d[3]) y = 2'b11;
  else if (d[2]) y = 2'b10;
  else if (d[1]) y = 2'b01;
end
```

ಆರಂಭದಲ್ಲಿರುವ `y = 2'b00;` ಸಾಲನ್ನು ತೆಗೆದುಹಾಕಿದರೆ, ಮೂರೂ ಷರತ್ತುಗಳು ಸುಳ್ಳಾದಾಗ y ಏನಾಗಬೇಕೆಂದು ಎಲ್ಲಿಯೂ ಹೇಳಿದಂತಾಗುವುದಿಲ್ಲ. ಆಗ ಸಿಂಥೆಸಿಸ್ ಟೂಲ್ ಹಳೆಯ ಬೆಲೆಯನ್ನೇ ಹಿಡಿದಿಡುವ ಲ್ಯಾಚನ್ನು ತಂದು ಸೇರಿಸುತ್ತದೆ. ಪರಿಣಾಮವಾಗಿ D3 ಹೋದ ಮೇಲೂ 11 ಹಾಗೆಯೇ ನಿಲ್ಲುತ್ತದೆ, D0 ಒಂದೇ ಬಂದಾಗಲೂ 11 ಎಂದೇ ತೋರಿಸುತ್ತದೆ. ಟೂಲ್ ಕೊಡುವ ಲ್ಯಾಚ್ ಎಚ್ಚರಿಕೆಯನ್ನು ಓದದೆ ಮುಂದೆ ಹೋಗಬಾರದು.

ಎಂಟು ಇನ್‌ಪುಟ್‌ಗಳ 74LS148 ಚಿಪ್ಪಿನಲ್ಲಿ ಎಲ್ಲವೂ ತಲೆಕೆಳಗು. ಅಲ್ಲಿ ಕರೆ ಬಂದಿದೆ ಎಂಬುದನ್ನು 0 ಸೂಚಿಸುತ್ತದೆ, ಸಂಕೇತವೂ ತಿರುಗಿಯೇ ಬರುತ್ತದೆ. ಇನ್‌ಪುಟ್ 0 ಮಾತ್ರ ಕರೆದಾಗಲೂ 111, ಯಾರೂ ಕರೆಯದಿದ್ದಾಗಲೂ 111 ಬರುವುದರಿಂದ ನಿಮ್ಮದೇ ತೊಡಕು ಅಲ್ಲಿಯೂ ಇದೆ. V ಯ ಕೆಲಸವನ್ನು ಅಲ್ಲಿ GS ಮಾಡುತ್ತದೆ, ಅದು 0 ಆದಾಗ ಸಂಕೇತವನ್ನು ನಂಬಬಹುದು. ಆದರೆ GS = 1 ಎಂಬುದಕ್ಕೆ ಎರಡು ಕಾರಣಗಳಿರಬಹುದು: ಕರೆಗಳೇ ಇಲ್ಲದಿರಬಹುದು, ಅಥವಾ EI ಕಾಲಿಗೆ 1 ಕೊಟ್ಟು ಚಿಪ್ಪನ್ನೇ ಸುಮ್ಮನಿರಿಸಿರಬಹುದು. ಇವೆರಡನ್ನು EO ಬೇರ್ಪಡಿಸುತ್ತದೆ. ಚಿಪ್ಪು ಎಚ್ಚರವಾಗಿದ್ದು ಎಂಟರಲ್ಲಿ ಒಂದೂ ಕರೆಯದಿದ್ದಾಗ ಮಾತ್ರ EO 0 ಆಗುತ್ತದೆ. ಹದಿನಾರು ಇನ್‌ಪುಟ್ ಬೇಕಾದಾಗ ಮೇಲಿನ ಆದ್ಯತೆಯ ಚಿಪ್ಪಿನ EOವನ್ನು ಕೆಳಗಿನ ಚಿಪ್ಪಿನ EIಗೆ ಜೋಡಿಸುವುದು ಇದೇ ಕಾರಣಕ್ಕೆ: ಮೇಲಿನ ಎಂಟೂ ಸುಮ್ಮನಿದ್ದಾಗ ಮಾತ್ರ ಕೆಳಗಿನ ಎಂಟರ ಸರದಿ ಬರುತ್ತದೆ.