ನಕ್ಷೆಯ ನಡುವೆ ಸಿಕ್ಕಿಕೊಂಡ ಕೋಚಿಂಗ್ ಸೆಂಟರ್

ರಾಯಚೂರಿನಲ್ಲಿ ಸಿಇಟಿ, ನೀಟ್ ಪಾಠ ಹೇಳುವ ಒಂದು ಸೆಂಟರ್ ಇದೆ ಎಂದುಕೊಳ್ಳಿ. ಫೀ ವರ್ಷಕ್ಕೆ 45 ಸಾವಿರ. ಹೊರಗಿನಿಂದ ಬಂದ ದೊಡ್ಡ ಸಂಸ್ಥೆ ಅದರ ಎರಡರಷ್ಟು ಕೇಳುತ್ತದೆ, ಓಣಿಯ ಟ್ಯೂಷನ್ ಮೇಷ್ಟ್ರು ಅರ್ಧಕ್ಕೇ ಒಪ್ಪುತ್ತಾರೆ. ಅಡ್ಮಿಷನ್ ಇಳಿಯುತ್ತಿದೆ. ಫೀ ಇಳಿಸಿಬಿಡೋಣ ಎನ್ನುತ್ತಾರೆ ಮಾಲೀಕರು. ಅದಕ್ಕೂ ಮೊದಲು, ಜನರ ಮನಸ್ಸಿನಲ್ಲಿ ತಾವು ಎಲ್ಲಿದ್ದೇವೆ ಎಂದು ನೋಡಿಕೊಳ್ಳುವ ಸಾಧನವೇ ಗ್ರಹಿಕೆಯ ನಕ್ಷೆ.

ಊರಿನ ನಾಲ್ಕೂ ಸೆಂಟರುಗಳಿಗೆ ವಿದ್ಯಾರ್ಥಿಗಳಿಂದ 1ರಿಂದ 7ರ ಒಳಗೆ ಅಂಕ ಹಾಕಿಸಬೇಕು. ತಮ್ಮದೊಂದಕ್ಕೇ ಹಾಕಿಸಿದರೆ ನಕ್ಷೆ ಹುಟ್ಟುವುದಿಲ್ಲ, ಏಕೆಂದರೆ ದೂರ ಅಳೆಯಲು ಇನ್ನೊಬ್ಬರು ಬೇಕು. ಫಲಿತಾಂಶ, ವಾರದ ಟೆಸ್ಟ್, ಶಿಸ್ತು, ಡೌಟ್ ಬಿಡಿಸುವುದು, ಪಾಠ ಅರ್ಥವಾಗುವುದು, ಮನೆಯವರೊಂದಿಗೆ ಮಾತು: ಹೀಗೆ ಆರು ಗುಣ. ಸರಾಸರಿ ತೆಗೆದರೆ ಮೊದಲ ಮೂರು ಒಟ್ಟಿಗೆ ಏರಿಳಿಯುತ್ತವೆ, ಉಳಿದ ಮೂರು ಬೇರೆ ಒಟ್ಟಿಗೆ. ಪ್ರಿನ್ಸಿಪಲ್ ಕಾಂಪೊನೆಂಟ್ ಎಂಬ ಲೆಕ್ಕ ಈ ಆರನ್ನು ಎರಡು ಅಕ್ಷಗಳಿಗೆ ಇಳಿಸುತ್ತದೆ. ಅಕ್ಷಕ್ಕೆ ಹೆಸರಿಡುವವರು ಮಾತ್ರ ನಾವು: ಒಂದು ‘ಬಿಗಿ’, ಇನ್ನೊಂದು ‘ಅಕ್ಕರೆ’.

ನಕ್ಷೆ ಬರೆದರೆ ನಮ್ಮ ಸೆಂಟರ್ ನಟ್ಟನಡುವೆ ಬಂತು. ‘ನಾವು ಎಲ್ಲದರಲ್ಲೂ ಸಾಧಾರಣ’ ಎಂದು ಮಾಲೀಕರು ಓದಿಕೊಂಡರು. ಇಲ್ಲೇ ಹೆಚ್ಚಿನವರು ಎಡವುವುದು.

ಫಾರ್ಮುಗಳನ್ನು ಕೈಗೆತ್ತಿಕೊಂಡು ‘ಡೌಟ್ ಕೇಳಿದರೆ ಬಿಡಿಸಿ ಹೇಳುತ್ತಾರೆ’ ಎಂಬ ಸಾಲು ನೋಡಿ. ಅಂಕ ಕೊಟ್ಟವರು 40 ಮಂದಿ. ಮಾನ್ವಿ, ದೇವದುರ್ಗದ ಕಡೆಯಿಂದ ಬರುವ, ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ 20 ಮಂದಿ 6 ಕೊಟ್ಟಿದ್ದಾರೆ. ಕ್ಲಾಸ್ ಮುಗಿದ ಮೇಲೆ ಮೇಷ್ಟ್ರು ಅದನ್ನೇ ಕನ್ನಡದಲ್ಲಿ ಮತ್ತೊಮ್ಮೆ ಹೇಳುತ್ತಾರಲ್ಲ, ಅದಕ್ಕೆ. ಊರೊಳಗಿನ ಇಂಗ್ಲಿಷ್ ಮಾಧ್ಯಮದ 20 ಮಂದಿ 2 ಕೊಟ್ಟಿದ್ದಾರೆ, ಏಕೆಂದರೆ ಅವರ ಸರದಿ ಬರುವಷ್ಟರಲ್ಲಿ ಹೊತ್ತಾಗಿರುತ್ತದೆ. ಸರಾಸರಿ 4. ಆದರೆ 4 ಕೊಟ್ಟವರು ಒಬ್ಬರೂ ಇಲ್ಲ!

ಇದನ್ನು ಹಿಡಿಯುವುದು ಕಷ್ಟವಲ್ಲ. ಸರಾಸರಿಯ ಪಕ್ಕದಲ್ಲೇ, ಅಂಕಗಳು ಅದರಿಂದ ಎಷ್ಟು ಚದುರಿವೆ ಎಂದು ಹೇಳುವ ಸ್ಟ್ಯಾಂಡರ್ಡ್ ಡೀವಿಯೇಷನ್ ಬರೆದಿಡಿ. ಎಲ್ಲರೂ 4 ಕೊಟ್ಟಿದ್ದರೆ ಅದು ಸೊನ್ನೆ, ಇಲ್ಲಿ 2. ಅಷ್ಟು ದೊಡ್ಡದಾಗಿ ಕಂಡರೆ ಗುಂಪು ಒಡೆದು ಎರಡು ನಕ್ಷೆ ಬರೆಯಬೇಕು. ಆಗ ಮೊದಲ ಗುಂಪಿನ ನಕ್ಷೆಯಲ್ಲಿ ನಮ್ಮ ಸೆಂಟರ್ ‘ಅಕ್ಕರೆ’ಯ ತುದಿಯಲ್ಲಿ ಒಂಟಿಯಾಗಿ ನಿಂತಿರುತ್ತದೆ. ಫೀ ಮುಟ್ಟುವುದು ಬೇಡ; ಆ ಜಾಗವನ್ನು ಬೋರ್ಡಿನ ಮೇಲೆ ಬರೆದು, ಸಂಜೆಯ ಕನ್ನಡ ಡೌಟ್ ಕ್ಲಾಸನ್ನು ವೇಳಾಪಟ್ಟಿಗೆ ಸೇರಿಸಿದರೆ ಸಾಕು ಅನಿಸುತ್ತದೆ.

ಆದರೆ ನಕ್ಷೆಯಲ್ಲಿ ಖಾಲಿ ಇರುವ ಜಾಗ, ಯಾರಿಗೂ ಬೇಡವಾದ ಜಾಗವೂ ಆಗಿರಬಹುದು. ಅದಕ್ಕಾಗಿ ‘ಈ ನಾಲ್ಕರಲ್ಲಿ ಎಲ್ಲಿಗೆ ಸೇರುತ್ತೀರಿ?’ ಎಂದು ಬೇರೆಯಾಗಿಯೇ ಕೇಳಿ, ಆಯ್ಕೆ ಯಾವ ದಿಕ್ಕಿಗೆ ವಾಲುತ್ತದೆ ಎಂದು ನೋಡಬೇಕು. ಇರುವುದು ನಾಲ್ಕೇ ಚುಕ್ಕೆ, ಹಾಗಾಗಿ ಆ ದಿಕ್ಕನ್ನೂ ಅತಿಯಾಗಿ ನಂಬುವಂತಿಲ್ಲ.

ಇನ್ನು, ಕೇಳದೇ ಬಿಟ್ಟ ಗುಣ ಯಾವ ಅಕ್ಷದಲ್ಲೂ ಕಾಣುವುದಿಲ್ಲ. ಫಾರ್ಮಿನ ಕೊನೆಯಲ್ಲಿ ನಾಲ್ಕು ಸಾಲು ಖಾಲಿ ಬಿಟ್ಟಿದ್ದರೆ ದೇವದುರ್ಗದ ಅಪ್ಪನೊಬ್ಬ ಬರೆದಿರುತ್ತಿದ್ದ: ‘ಸಂಜಿ ಕ್ಲಾಸ್ ಮುಗಿಯೂದ್ರಾಗ ನಮ್ಮೂರ ಬಸ್ ಹೋಗಿರ್ತದ್ರಿ ಸರ್.’