ಪಾಠದ ವಿಡಿಯೊದಲ್ಲಿ ಸಂಜ್ಞಾ ಭಾಷೆಯ ದುಭಾಷಿ: ಜಾಗದ ಲೆಕ್ಕ, ಸಮಯದ ಲೆಕ್ಕ

ದುಭಾಷಿಯನ್ನು ಪರದೆಯ ಯಾವ ಮೂಲೆಯಲ್ಲಿ ಕೂರಿಸಬೇಕೆಂದು ಯೋಚಿಸುವ ಮೊದಲು, ಕಿವುಡ ವಿದ್ಯಾರ್ಥಿಯ ಕಣ್ಣು ಎಲ್ಲಿರುತ್ತದೆ ಎಂಬುದನ್ನು ತಿಳಿಯಬೇಕು. ಸಂಜ್ಞಾ ಭಾಷೆ ಬಲ್ಲವರು ಸಾಮಾನ್ಯವಾಗಿ ಎದುರಿನವರ ಮುಖವನ್ನೇ ನೋಡುತ್ತಿರುತ್ತಾರೆ. ಕೈಗಳ ಚಲನೆ ಅವರ ನೋಟದ ಅಂಚಿನಲ್ಲಿಯೇ ಗೋಚರಿಸುತ್ತದೆ. ಹೇಳಿದ್ದು ಪ್ರಶ್ನೆಯೋ ಹೇಳಿಕೆಯೋ ನಿಷೇಧವೋ ಎಂಬುದನ್ನು ಹುಬ್ಬು, ಬಾಯಿ ಮತ್ತು ತಲೆಯ ಚಲನೆ ತಿಳಿಸುವುದರಿಂದ, ಮುಖ ಅಸ್ಪಷ್ಟವಾದರೆ ವ್ಯಾಕರಣವೇ ಕಳೆದುಹೋಗುತ್ತದೆ.

ಚಿಕ್ಕಮಗಳೂರಿನಲ್ಲಿ ನಾವು ಕೆಲವರು ಸೇರಿ ಪ್ರೌಢಶಾಲೆಯ ಮಕ್ಕಳಿಗಾಗಿ ಕಾಫಿ ಹಣ್ಣಿನ ಪದರಗಳ ಬಗ್ಗೆ ಪಾಠವೊಂದನ್ನು ಸಿದ್ಧಪಡಿಸಿದಾಗ, ಮೊದಲ ಪ್ರತಿಯಲ್ಲಿ ದುಭಾಷಿಯನ್ನು ಕೆಳಗಿನ ಬಲಮೂಲೆಯ ಸಣ್ಣ ಪೆಟ್ಟಿಗೆಯಲ್ಲಿ ಇಟ್ಟಿದ್ದೆವು. ಪರದೆ 1920×1080 ಪಿಕ್ಸೆಲ್, ಪೆಟ್ಟಿಗೆ 320×180, ಎಂದರೆ ಇಡೀ ಪರದೆಯ 36ರಲ್ಲಿ ಒಂದು ಪಾಲು. ಪೆಟ್ಟಿಗೆಯ ಎತ್ತರದಲ್ಲಿ ನೆತ್ತಿಯಿಂದ ಸೊಂಟದವರೆಗಿನ ಸುಮಾರು 90 ಸೆಂ.ಮೀ. ಕಾಣುತ್ತಿತ್ತು, ಆ ಲೆಕ್ಕದಲ್ಲಿ 22 ಸೆಂ.ಮೀ. ಉದ್ದದ ಮುಖಕ್ಕೆ ಸಿಕ್ಕಿದ್ದು 44 ಪಿಕ್ಸೆಲ್. ಮಲೆನಾಡಿನ ಮೊಬೈಲ್ ಸಂಪರ್ಕದಲ್ಲಿ ವಿಡಿಯೊ 360p ಗೆ, ಎಂದರೆ 360 ಪಿಕ್ಸೆಲ್ ಎತ್ತರಕ್ಕೆ, ಇಳಿದಾಗ ಅದು 15 ಪಿಕ್ಸೆಲ್‌ಗೆ ಕುಗ್ಗಿತು. ಅಷ್ಟರಲ್ಲಿ ಹುಬ್ಬು ಏರಿದ್ದು ಯಾರಿಗೂ ಕಾಣುವುದಿಲ್ಲ. ಪದವನ್ನು ಅಕ್ಷರ ಅಕ್ಷರವಾಗಿ ತೋರಿಸುವ ಭಾರತೀಯ ಸಂಜ್ಞಾ ಭಾಷೆಯ ಬೆರಳಕ್ಷರಗಳಲ್ಲಿ ಹೆಚ್ಚಿನವಕ್ಕೆ ಎರಡೂ ಕೈ ಬೇಕಾಗುವುದರಿಂದ ಎದೆಯ ಮುಂದೆ ಬೆರಳುಗಳೆಲ್ಲ ಒಂದೇ ಮುದ್ದೆಯಾಗಿ ಕಂಡವು.

ಎರಡನೆಯ ಪ್ರತಿಯಲ್ಲಿ ಪಾಠದ ಚಿತ್ರವನ್ನು 1280×720 ಕ್ಕೆ ಇಳಿಸಿ ಎಡಕ್ಕೆ ಸರಿಸಿದೆವು. ಇದರಿಂದ ಚಿತ್ರದ ಆಕಾರ ಕೆಡುವುದಿಲ್ಲ. ಬಲಕ್ಕೆ ಉಳಿದ 640 ಪಿಕ್ಸೆಲ್ ಅಗಲದಲ್ಲಿ, ಚಿತ್ರದಷ್ಟೇ ಎತ್ತರಕ್ಕೆ, ದುಭಾಷಿ ನಿಂತರು. ಕೆಳಗಿನ ಪಟ್ಟಿ ಕನ್ನಡ ಅಕ್ಷರಗಳಿಗೆ ಉಳಿಯಿತು. ಮೊಣಕೈ ಚಾಚಿದಾಗ ಬೇಕಾಗುವ ಸುಮಾರು 120 ಸೆಂ.ಮೀ. ಅಗಲ ಈ ಜಾಗದಲ್ಲಿ ಹಿಡಿಸುತ್ತದೆ, ಮುಖಕ್ಕೆ 117 ಪಿಕ್ಸೆಲ್ ಸಿಗುತ್ತದೆ, 360p ಯಲ್ಲಿಯೂ 39 ಉಳಿಯುತ್ತದೆ. ಬ್ರಿಟನ್ನಿನ ಪ್ರಸಾರ ನಿಯಂತ್ರಕ ಸಂಸ್ಥೆ ಆಫ್‌ಕಾಮ್ ತನ್ನ ಮಾರ್ಗದರ್ಶನದಲ್ಲಿ ಕೇಳುವುದು ಪರದೆಯ ಕನಿಷ್ಠ ಆರನೆಯ ಒಂದು ಭಾಗವನ್ನು. ನಮ್ಮ ಜಾಗ ಅದಕ್ಕಿಂತ ಹೆಚ್ಚೇ ಆಯಿತು. ಚಿತ್ರ ಕಿರಿದಾಯಿತೆಂಬ ಆಕ್ಷೇಪಣೆ ನಮ್ಮೊಳಗೇ ಬಂದಿತು, ಆದರೆ ಚಿತ್ರದ ಮೇಲೆಯೇ ದುಭಾಷಿಯನ್ನು ಕೂರಿಸಿ ಅದರ ಒಂದು ಮೂಲೆಯನ್ನು ಮುಚ್ಚುವುದಕ್ಕಿಂತ ಇದು ಮೇಲು ಎಂದು ನನ್ನ ಅಭಿಪ್ರಾಯ.

ಬಲಗಡೆಯನ್ನೇ ಆರಿಸಿದ್ದಕ್ಕೆ ಕಾರಣವಿದೆ. ನಮ್ಮ ದುಭಾಷಿ ಬಲಗೈ ಬಳಸುವವರು. ಕ್ಯಾಮೆರಾಕ್ಕೆ ಎದುರಾಗಿ ನಿಂತಾಗ ಅವರ ಬಲಗೈ ನೋಡುವವರ ಎಡಕ್ಕೆ, ಅಂದರೆ ಚಿತ್ರದ ಕಡೆಗೆ, ಬರುತ್ತದೆ. ಅವರು ತೋರಿಸಿದ್ದು ಚಿತ್ರದತ್ತಲೇ ಹೋಗಬೇಕಾದರೆ, ಚಿತ್ರೀಕರಣದ ವೇಳೆ ಅವರ ಬಲಬದಿಯಲ್ಲಿ ಅದೇ ಚಿತ್ರವನ್ನು ಇನ್ನೊಂದು ಪರದೆಯಲ್ಲಿ ಇಡಬೇಕು. ಆಮೇಲೆ ವಿಡಿಯೊವನ್ನು ಕನ್ನಡಿಯಂತೆ ತಿರುಗಿಸಿ ಸರಿಪಡಿಸಲು ಹೊರಟರೆ ಎಡಬಲಗಳ ಸನ್ನೆಗಳೇ ತಲೆಕೆಳಗಾಗುತ್ತವೆ.

ಜಾಗ ಸರಿಯಾದರೂ ಪಾಠ ಸರಿಯಾಗಲಿಲ್ಲ. ಹಣ್ಣಿನ ಅಡ್ಡಸೀಳಿನ ಚಿತ್ರ 8 ಸೆಕೆಂಡ್ ಮಾತ್ರ ಇತ್ತು, ಅಷ್ಟರಲ್ಲಿ ಧ್ವನಿ ಐದು ಪದರಗಳನ್ನು ಹೆಸರಿಸಿ ಮುಗಿಸುತ್ತಿತ್ತು. ಕೇಳುವವರ ಕಿವಿ ಮಾತಿಗೂ ಕಣ್ಣು ಚಿತ್ರಕ್ಕೂ ಇರುತ್ತದೆ. ಕಿವುಡ ವಿದ್ಯಾರ್ಥಿ ಎರಡನ್ನೂ ಕಣ್ಣಿನಿಂದಲೇ ಪಡೆಯಬೇಕಾದ್ದರಿಂದ ಒಂದಾದ ಮೇಲೆ ಒಂದನ್ನು ನೋಡುತ್ತಾನೆ. ಮೇಲಾಗಿ ದುಭಾಷಿ ಮಾತನ್ನು ಕೇಳಿ ಅರ್ಥಮಾಡಿಕೊಂಡು ಹೇಳುವುದರಿಂದ ಧ್ವನಿಗಿಂತ ಕೆಲವು ಸೆಕೆಂಡ್ ಹಿಂದಿರುತ್ತಾರೆ. ಅವರು ಬೀಜಕ್ಕೆ ಅಂಟಿದ ಬೆಳ್ಳಿ ಪೊರೆಯ ಬಗ್ಗೆ ಹೇಳುವ ಹೊತ್ತಿಗೆ ಪರದೆಯಲ್ಲಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ತಿರುಗುತ್ತಿತ್ತು.

ಆದ್ದರಿಂದ ಧ್ವನಿಯನ್ನು ಆಧಾರವಾಗಿ ಇಟ್ಟುಕೊಳ್ಳುವುದನ್ನು ಬಿಟ್ಟು, ಮೊದಲು ದುಭಾಷಿಯನ್ನು ಚಿತ್ರೀಕರಿಸಿ, ಆ ಅಳತೆಗೆ ಧ್ವನಿಯನ್ನು ಹೊಂದಿಸಿದೆವು. ಚಿತ್ರ ಬಂದ ಮೊದಲ 4 ಸೆಕೆಂಡ್ ದುಭಾಷಿ ಕೈ ಇಳಿಸಿ ಚಿತ್ರದತ್ತ ನೋಡುತ್ತಾರೆ, ವಿದ್ಯಾರ್ಥಿಯ ನೋಟವೂ ಅವರ ನೋಟದ ಹಿಂದೆ ಹೋಗುತ್ತದೆ. ನಂತರ ಸಿಪ್ಪೆ, ಲೋಳೆ, ಪಾರ್ಚ್‌ಮೆಂಟ್, ಬೆಳ್ಳಿ ಪೊರೆ, ಬೀಜ ಎಂಬ ಐದಕ್ಕೂ ತಲಾ 4 ಸೆಕೆಂಡ್ ವಿವರಣೆ, ಬಳಿಕ 2 ಸೆಕೆಂಡ್ ಕೈ ಇಳಿಸಿದ ಬಿಡುವು. ಆ ಬಿಡುವಿನಲ್ಲಿ ಸಂಬಂಧಪಟ್ಟ ಪದರವೊಂದೇ ಬಣ್ಣ ತಾಳುತ್ತದೆ. 8 ಸೆಕೆಂಡಿನ ಜಾಗ 34 ಸೆಕೆಂಡ್ ಆಯಿತು. ಪಲ್ಪರ್ ಓಡುವ ದೃಶ್ಯಕ್ಕೆ ಈ ಉಪಾಯ ಸಾಲದು, ಏಕೆಂದರೆ ಚಲನೆಯೇ ಅಲ್ಲಿ ಪಾಠ. ಅದನ್ನು ಸನ್ನೆಯಿಲ್ಲದೆ ಪೂರ್ತಿ ಓಡಿಸಿ, ಕೊನೆಯ ಚೌಕಟ್ಟನ್ನು ಸ್ಥಿರವಾಗಿ ನಿಲ್ಲಿಸಿದ ಮೇಲೆ ದುಭಾಷಿ ವಿವರಿಸಿದರು.

ಪರೀಕ್ಷೆಗೆ ಕಿವುಡ ವಿದ್ಯಾರ್ಥಿನಿಯೊಬ್ಬಳು ಮೊಬೈಲಿನಲ್ಲಿ 360p ಗೆ ಇಳಿಸಿ ನೋಡಿದಳು. ಅವಳು ಎಲ್ಲೆಲ್ಲಿ ಹಿಂದಕ್ಕೆ ಎಳೆದಳೆಂಬುದನ್ನು ಮಾತ್ರ ನಾವು ಬರೆದುಕೊಂಡೆವು. ಎಳೆದದ್ದು ಒಂದೇ ಕಡೆ. ದುಭಾಷಿ ಪಾರ್ಚ್‌ಮೆಂಟ್ ಪದವನ್ನು ಬೆರಳಕ್ಷರಗಳಲ್ಲಿ ಹೇಳುತ್ತಿದ್ದಾಗಲೇ ಕೆಳಗಿನ ಪಟ್ಟಿಯಲ್ಲಿ ಅದೇ ಹೆಸರು ಕನ್ನಡದಲ್ಲಿ ಮೂಡುತ್ತಿತ್ತು, ಅದನ್ನು ಓದಲು ಹೋಗಿ ಅವಳು ಬೆರಳುಗಳನ್ನು ತಪ್ಪಿಸಿಕೊಂಡಿದ್ದಳು. ಕೈ ಇಳಿದ ಮೇಲಿನ 2 ಸೆಕೆಂಡ್ ಬಿಡುವಿಗೆ ಆ ಹೆಸರನ್ನು ಸರಿಸಿದೆವು.