ಹೊಂಡಕ್ಕೂ ಪಂಪ್‌ಮನೆಗೂ ನಡುವೆ ಆರು ಸಾವಿರ ವೋಲ್ಟ್

ಸಿಡಿಲು ಬಡಿದದ್ದು ತೆಂಗಿನ ಮರಕ್ಕೆ. ಸುಟ್ಟುಹೋದದ್ದು ಅಲ್ಲಿಂದ ಐವತ್ತು ಮೀಟರ್ ದೂರದ ಕೃಷಿ ಹೊಂಡದಲ್ಲಿ ಮುಳುಗಿದ್ದ ನೀರಿನ ಮಟ್ಟದ ಸೆನ್ಸರ್. ಮಂಡ್ಯ ಕಡೆಯ ಕಬ್ಬಿನ ಗದ್ದೆಗಳಲ್ಲಿ ಇಂಥ ಸೆನ್ಸರ್ ಈಗ ಅಪರೂಪವೇನಲ್ಲ. ಹೊಂಡದಲ್ಲಿ ನೀರೆಷ್ಟಿದೆ ಎಂದು ನೋಡಿ ಮೋಟಾರ್ ಆನ್-ಆಫ್ ಮಾಡುವ ಸರಳ ವ್ಯವಸ್ಥೆ ಅದು. ಹೊಂಡದಿಂದ ಪಂಪ್‌ಮನೆಗೆ 80 ಮೀಟರ್ ಕೇಬಲ್, ಪಂಪ್‌ಮನೆಯಲ್ಲಿ 24 ವೋಲ್ಟಿನ ಕಂಟ್ರೋಲರ್, ಅಷ್ಟೇ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆ ಶುರುವಾದರೆ ಇದರ ಆಯಸ್ಸು ಮುಗಿಯಿತು ಅಂತಲೇ ಲೆಕ್ಕ. ಹಿಂಗಾರಿನ ಹೊತ್ತಿಗೆ ಮತ್ತೊಂದು ಸುತ್ತು.

ನನ್ನ ಪರಿಚಯದ ರೈತರೊಬ್ಬರ ಹೊಂಡದಲ್ಲೂ ಹೀಗೇ ಆಯಿತು. ಹೊಸ ಸೆನ್ಸರ್ ಹಾಕುವಾಗ ಎಲೆಕ್ಟ್ರಿಷಿಯನ್ ಹೊಂಡದ ದಡದಲ್ಲಿ ಬೇರೆಯದೇ ಅರ್ಥ್ ಪಿಟ್ ತೋಡಿಸಿದರು. ಇದ್ದಲು, ಉಪ್ಪು, ಜಿಐ ಪೈಪು ಎಲ್ಲಾ ಶಾಸ್ತ್ರೋಕ್ತ. "ಮೀಟರ್‌ನಲ್ಲಿ ಎರಡೇ ಓಮ್ ತೋರಿಸ್ತಿದೆ ಅಣ್ಣ, ಇನ್ನೇನು ಬೇಕು?" ಎಂದರು. ಆ ಸೆನ್ಸರೂ ಉಳಿಯಲಿಲ್ಲ.

ನನಗೆ ತಾಳ್ಮೆ ತಪ್ಪುವುದು ಇಲ್ಲೇ. ಗುಡುಗಿದಾಗ "ಅರ್ಜುನ, ಫಲ್ಗುಣ, ಪಾರ್ಥ" ಎನ್ನುವ ಅಜ್ಜಿಯನ್ನು ನೋಡಿ ನಗುವ ನಾವು, ಓಮ್ ಕಡಿಮೆ ಇದ್ದರೆ ಸಿಡಿಲು ಏನೂ ಮಾಡದು ಎಂದು ಅಷ್ಟೇ ಗಟ್ಟಿಯಾಗಿ ನಂಬುತ್ತೇವೆ. ಸಿಡಿಲಿನ ಒಂದು ಸಾಧಾರಣ ಹೊಡೆತದಲ್ಲಿ ಸುಮಾರು 30,000 ಆಂಪಿಯರ್ ಕರೆಂಟ್ ಇರುತ್ತದೆ. ಅದು ಪೂರ್ತಿ ಆ ಎರಡು ಓಮ್‌ನ ಪಿಟ್‌ಗೇ ಇಳಿಯಿತು ಅನ್ನೋಣ. ಎರಡನ್ನೂ ಗುಣಿಸಿ: 60,000 ವೋಲ್ಟ್. ಅಷ್ಟು ಹೊತ್ತು ಆ ಪಿಟ್ಟು, ಅದಕ್ಕೆ ಕಟ್ಟಿದ ಪೈಪು, ಪೆಟ್ಟಿಗೆ, ತಂತಿ ಎಲ್ಲವೂ ದೂರದ ನೆಲಕ್ಕಿಂತ 60,000 ವೋಲ್ಟ್ ಮೇಲೆ. ನೆಲ ಎಂದರೆ ಯಾವಾಗಲೂ ಸೊನ್ನೆ ವೋಲ್ಟ್ ಎನ್ನುವುದು ಸಿಡಿಲಿನ ಮುಂದೆ ನಡೆಯದ ಮಾತು.

ಸಿಡಿಲಿನ ಕರೆಂಟ್ ಮರದ ಬುಡದಿಂದ ಮಣ್ಣಿನಲ್ಲಿ ಸುತ್ತಲೂ ಹರಡುತ್ತಾ ಹೋಗುತ್ತದೆ. ಬುಡದ ಹತ್ತಿರ ವೋಲ್ಟೇಜ್ ಜಾಸ್ತಿ, ದೂರ ಹೋದಂತೆ ಕಡಿಮೆ. ಮಣ್ಣು ಎಲ್ಲ ಕಡೆ ಒಂದೇ ತರಹ ಇದೆ ಎಂದು ಹಿಡಿದರೆ ಲೆಕ್ಕ ಬಹಳ ಸುಲಭ:

V = ρI / 2πr

ಇಲ್ಲಿ ρ ಮಣ್ಣಿನ ರೋಧಕತೆ, I ಕರೆಂಟ್, r ಮರದಿಂದ ಇರುವ ದೂರ. ಒದ್ದೆ ಗದ್ದೆಯಲ್ಲಿ ρ ಕಡಿಮೆ, ಒಣಗಿದ ಗರಸು ನೆಲದಲ್ಲಿ ಜಾಸ್ತಿ. ನಾವು 100 ಓಮ್-ಮೀಟರ್ ಎಂದು ಇಟ್ಟುಕೊಳ್ಳೋಣ. ಮರದಿಂದ 50 ಮೀಟರ್ ದೂರದ ಹೊಂಡದಲ್ಲಿ ಸುಮಾರು 9,500 ವೋಲ್ಟ್ ಬರುತ್ತದೆ. ಅದೇ ನೇರದಲ್ಲಿ ಇನ್ನೂ 80 ಮೀಟರ್ ಆಚೆ, ಅಂದರೆ ಮರದಿಂದ 130 ಮೀಟರ್ ದೂರದಲ್ಲಿ ಪಂಪ್‌ಮನೆ. ಅಲ್ಲಿ ಸುಮಾರು 3,700. ವ್ಯತ್ಯಾಸ ಹತ್ತಿರ ಹತ್ತಿರ 6,000 ವೋಲ್ಟ್. ಕೇಬಲ್‌ಗೆ ಸಿಡಿಲು ತಾಗಿಲ್ಲ, ಹೊಂಡಕ್ಕೂ ತಾಗಿಲ್ಲ.

ಗುಡುಗು ಮಳೆಯಲ್ಲಿ ಮರದ ಕೆಳಗೆ ನಿಂತ ದನಗಳು ಸಾಯುವುದಕ್ಕೂ ಬಹಳ ಸಲ ಇದೇ ಕಾರಣ. ಹಸುವಿನ ಮುಂಗಾಲು ಮರದಿಂದ 10 ಮೀಟರ್ ದೂರದಲ್ಲಿ, ಹಿಂಗಾಲು ಹನ್ನೊಂದೂವರೆ ಮೀಟರ್ ದೂರದಲ್ಲಿ ಇದ್ದರೆ, ಮೇಲಿನ ಲೆಕ್ಕದಲ್ಲೇ ಕಾಲುಗಳ ನಡುವೆ 6,000 ವೋಲ್ಟ್ ದಾಟುತ್ತದೆ. ಕರೆಂಟ್ ಒಂದು ಜೊತೆ ಕಾಲಲ್ಲಿ ಹತ್ತಿ, ಎದೆ ಹಾದು, ಇನ್ನೊಂದು ಜೊತೆಯಲ್ಲಿ ಇಳಿಯುತ್ತದೆ. ಮನುಷ್ಯನ ಎರಡು ಪಾದಗಳ ಅಂತರ ಕಡಿಮೆ, ಹಾಗಾಗಿ ವೋಲ್ಟೇಜೂ ಕಡಿಮೆ. ನಮ್ಮ ಕೇಬಲ್‌ಗೆ 80 ಮೀಟರ್ ಅಂತರದಲ್ಲಿ ಎರಡು ಕಾಲು.

"ಸೆನ್ಸರ್‌ಗೆ ಅರ್ಥಿಂಗ್ ಕೊಟ್ಟೇ ಇಲ್ಲವಲ್ಲ, ಕಾಲೆಲ್ಲಿಂದ ಬಂತು?" ಎಂದು ಕೇಳಬಹುದು. ಅದರ ಮೈ ಸ್ಟೇನ್‌ಲೆಸ್ ಸ್ಟೀಲ್, ಮುಳುಗಿರುವುದು ನೀರಿನಲ್ಲಿ. ನಾವು ಬೇಕೆಂದರೂ ಬೇಡವೆಂದರೂ ಅದು ನೆಲಕ್ಕೆ ಸೇರಿಯೇ ಇದೆ. (ಹೊಂಡಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿದ್ದರೆ ಈ ಸಂಪರ್ಕ ದುರ್ಬಲ, ಆದರೆ ದಡದ ಕಬ್ಬಿಣದ ಕಂಬಕ್ಕೆ ಬಿಗಿದ ಕ್ಲಾಂಪ್ ಆ ಕೊರತೆ ತುಂಬುತ್ತದೆ.) ಒಳಗಿನ ಸರ್ಕ್ಯೂಟ್ ಕೇಬಲ್ ಮೂಲಕ ಪಂಪ್‌ಮನೆಯ ಅರ್ಥಿಂಗ್‌ಗೆ ಸೇರಿದೆ. ಮೈ ಒಂದು ನೆಲದಲ್ಲಿ, ಕರುಳು ಇನ್ನೊಂದು ನೆಲದಲ್ಲಿ. ನಡುವೆ ಇರುವ ನಿರೋಧಕ ಪದರ ಎಷ್ಟೋ ಸೆನ್ಸರ್‌ಗಳಲ್ಲಿ ತಡೆಯುವುದು 500 ವೋಲ್ಟ್ ಮಾತ್ರ. ಎರಡು ದೋಣಿಗೆ ಕಾಲಿಟ್ಟವನ ಪಾಡೇ ಇದರದ್ದೂ. ಎರಡೂ ದೋಣಿ ಒಟ್ಟಿಗೆ ಎದ್ದು ಒಟ್ಟಿಗೆ ಇಳಿದರೆ ಏನೂ ಆಗದು, ಒಂದೇ ಎದ್ದರೆ ಕೆಟ್ಟಿತು.

ಇದು ತಿಳಿಯದೆ ಪ್ರಾಣ ಕಳೆದುಕೊಂಡವರೂ ಇದ್ದಾರೆ. 1753ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ಗೇಯಾರ್ಗ್ ವಿಲ್ಹೆಲ್ಮ್ ರಿಚ್‌ಮನ್ ಎಂಬ ವಿಜ್ಞಾನಿ ಸಿಡಿಲಿನ ವಿದ್ಯುತ್ತನ್ನು ಅಳೆಯಲು ಮನೆಯ ಮೇಲೆ ಲೋಹದ ಸರಳು ನಿಲ್ಲಿಸಿ, ಅದರ ತಂತಿಯನ್ನು ಮನೆಯೊಳಗೆ ತಂದಿದ್ದರು. ಅಳೆಯಬೇಕಿತ್ತಲ್ಲ, ತಂತಿಯನ್ನು ನೆಲಕ್ಕೆ ಸೇರಿಸಿರಲಿಲ್ಲ. ಸಿಡಿಲು ಬಂದಾಗ ತಂತಿಗೂ ನೆಲಕ್ಕೂ ನಡುವೆ ಸಿಕ್ಕಿದ ದಾರಿ ಅವರ ದೇಹ. ಫ್ರಾಂಕ್ಲಿನ್‌ನ ಗಾಳಿಪಟದ ಕಥೆ ಎಲ್ಲರಿಗೂ ಗೊತ್ತು. ರಿಚ್‌ಮನ್ ಕಥೆಯನ್ನೂ ಶಾಲೆಯಲ್ಲಿ ಹೇಳಿದ್ದರೆ ಚೆನ್ನಾಗಿತ್ತು.

ಸರಿ, ಹೊಂಡಕ್ಕೆ ಬರೋಣ. ಮಾಡಬೇಕಾದ ಮೊದಲ ಕೆಲಸಕ್ಕೆ ಯಾವ ಎಲೆಕ್ಟ್ರಾನಿಕ್ಸೂ ಬೇಡ. ಹೊಂಡದ ಪಿಟ್ಟನ್ನೂ ಪಂಪ್‌ಮನೆಯ ಅರ್ಥಿಂಗನ್ನೂ ಜೋಡಿಸಬೇಕು. ಎಲೆಕ್ಟ್ರಿಷಿಯನ್ ಬೇರೆ ಪಿಟ್ ಹಾಕಿಸಿದ್ದು ತಪ್ಪಲ್ಲ, ಜೋಡಿಸದೆ ಬಿಟ್ಟದ್ದು ತಪ್ಪು. ಕೇಬಲ್ ಹೂಳುವ ಅದೇ ಕಾಲುವೆಯಲ್ಲಿ, ಕೇಬಲ್‌ಗಿಂತ ಒಂದು ಗೇಣು ಮೇಲೆ, ದಪ್ಪ ಜಿಐ ತಂತಿಯನ್ನೋ ಪಟ್ಟಿಯನ್ನೋ ಬರಿಮೈಯಲ್ಲಿ ಹೂತು ಎರಡೂ ತುದಿಗೆ ಬಿಗಿಯಬೇಕು. ಎರಡು ನೆಲಗಳ ನಡುವಿನ ಕರೆಂಟ್‌ನಲ್ಲಿ ಹೆಚ್ಚಿನ ಪಾಲು ತೆಳ್ಳನೆಯ ಸೆನ್ಸರ್ ಕೇಬಲ್ ಬಿಟ್ಟು ಇದರಲ್ಲಿ ಹೋಗುತ್ತದೆ. ತಾಮ್ರ ಮತ್ತು ಜಿಐ ಎರಡನ್ನೂ ಮಣ್ಣಿನಲ್ಲಿ ಒಟ್ಟಿಗೆ ಬಿಗಿಯಬೇಡಿ, ತೇವಕ್ಕೆ ಜಿಐ ಬೇಗ ತಿಂದುಹೋಗುತ್ತದೆ. ಉಪ್ಪು ಸುರಿದ ಪಿಟ್‌ನಲ್ಲಂತೂ ಇನ್ನೂ ಬೇಗ.

ಆಮೇಲೆ ಸರ್ಜ್ ಪ್ರೊಟೆಕ್ಟರ್, ಅಂದರೆ ದಿಢೀರ್ ಏರುವ ವೋಲ್ಟೇಜನ್ನು ತಡೆಯುವ ಸಾಧನ. ಕೇಬಲ್‌ನ ಎರಡೂ ತುದಿಗೆ ಒಂದೊಂದು ಬೇಕು. ಪಂಪ್‌ಮನೆಯಲ್ಲಿ ಮಾತ್ರ ಹಾಕಿದರೆ ಕಂಟ್ರೋಲರ್ ಉಳಿಯುತ್ತದೆ, ಸೆನ್ಸರ್ ಸಾಯುತ್ತದೆ. ಇದರ ಒಳಗೆ ನಡೆಯುವುದು ನನಗೆ ತುಂಬಾ ಇಷ್ಟವಾದ ಆಟ, ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಹೊರಗಿನ ಬಾಗಿಲಲ್ಲಿ ಗ್ಯಾಸ್ ತುಂಬಿದ ಪುಟ್ಟ ಟ್ಯೂಬ್, ಜಿಡಿಟಿ ಎನ್ನುತ್ತಾರೆ. ಸಾವಿರಾರು ಆಂಪಿಯರ್ ನುಂಗುವ ಶಕ್ತಿ ಇದಕ್ಕಿದೆ, ಆದರೆ ಎಚ್ಚರಾಗುವುದು ನಿಧಾನ. ಮೈಮೇಲೆ 90 ವೋಲ್ಟ್ ಎಂದು ಬರೆದಿದ್ದರೂ, ಸಿಡಿಲಿನಂತೆ ದಿಢೀರ್ ಏರುವ ವೋಲ್ಟೇಜ್‌ಗೆ ಅದು ಹೊತ್ತಿಕೊಳ್ಳುವಷ್ಟರಲ್ಲಿ 600 ವೋಲ್ಟ್ ಆಗಿರುತ್ತದೆ. ಒಳಗಡೆ ಟಿವಿಎಸ್ ಡಯೋಡ್. ಇದು ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಮುಂಚೆ ಎಚ್ಚರಾಗಿ ವೋಲ್ಟೇಜನ್ನು 50ರ ಆಸುಪಾಸಿನಲ್ಲಿ ಹಿಡಿದು ನಿಲ್ಲಿಸುತ್ತದೆ, ಆದರೆ ತಾಕತ್ತು ಕಡಿಮೆ. ಎರಡನ್ನೂ ಸುಮ್ನೆ ಪಕ್ಕಪಕ್ಕ ಕಟ್ಟಿದರೆ ಏನಾಗುತ್ತದೆ? ಡಯೋಡ್ 50 ವೋಲ್ಟ್‌ಗೇ ಹಿಡಿದುಬಿಡುತ್ತದೆ, ಟ್ಯೂಬ್‌ಗೆ ಬೇಕಾದ 600 ಎಂದೂ ಬರುವುದಿಲ್ಲ. ಬಲಶಾಲಿ ನಿದ್ದೆಯಲ್ಲೇ ಇರುತ್ತಾನೆ, ಬಡಪಾಯಿ ಡಯೋಡ್ ಸುಟ್ಟುಹೋಗುತ್ತದೆ.

ಅದಕ್ಕೇ ನಡುವೆ ಒಂದು 10 ಓಮ್ ರೆಸಿಸ್ಟರ್. ಡಯೋಡ್ ಮೂಲಕ 60 ಆಂಪಿಯರ್ ಹರಿಯುವ ಹೊತ್ತಿಗೆ ರೆಸಿಸ್ಟರ್ ಮೇಲೆ 600 ವೋಲ್ಟ್ ಬೀಳುತ್ತದೆ, ಟ್ಯೂಬ್ ಹೊತ್ತಿಕೊಂಡು ಮುಂದಿನ ಹೊರೆ ತಾನು ಹೊರುತ್ತದೆ. ಡಯೋಡ್ ಆ 60 ಆಂಪಿಯರ್ ತಡೆಯಬೇಕಾದದ್ದು ಹೆಚ್ಚುಕಡಿಮೆ ಒಂದು ಮೈಕ್ರೋಸೆಕೆಂಡ್. ಮಾಮೂಲಿ ದಿನಗಳಲ್ಲಿ ಸೆನ್ಸರ್ ನೀರಿನ ಮಟ್ಟ ತಿಳಿಸಲು ಕಳಿಸುವ ಕರೆಂಟ್ ಹೆಚ್ಚೆಂದರೆ 20 ಮಿಲಿಆಂಪಿಯರ್, ಅದಕ್ಕೆ ಈ ರೆಸಿಸ್ಟರ್ ತಿನ್ನುವುದು 0.2 ವೋಲ್ಟ್ ಮಾತ್ರ. ಮಾರುಕಟ್ಟೆಯ ಅಗ್ಗದ ಬೋರ್ಡ್‌ಗಳಲ್ಲಿ ಈ ಎರಡು ರೂಪಾಯಿಯ ರೆಸಿಸ್ಟರೇ ಇರುವುದಿಲ್ಲ. ಕೊಳ್ಳುವ ಮುಂಚೆ ನೋಡಿಕೊಳ್ಳಿ.

ಇನ್ನು ಪ್ರೊಟೆಕ್ಟರ್‌ನ ಅರ್ಥ್ ತಂತಿ. ಒಂದು ಮೀಟರ್ ನೇರ ತಂತಿಗೆ ಸುಮಾರು ಒಂದು ಮೈಕ್ರೋಹೆನ್ರಿ ಇಂಡಕ್ಟನ್ಸ್, ಅಂದರೆ ಕರೆಂಟ್ ದಿಢೀರ್ ಬದಲಾಗುವುದಕ್ಕೆ ಅಡ್ಡಿ ಮಾಡುವ ಗುಣ, ಇರುತ್ತದೆ. ದಿನನಿತ್ಯದ ಕರೆಂಟ್‌ಗೆ ಅದು ಲೆಕ್ಕಕ್ಕೇ ಇಲ್ಲ. ಆದರೆ 8 ಮೈಕ್ರೋಸೆಕೆಂಡ್‌ನಲ್ಲಿ 5,000 ಆಂಪಿಯರ್ ಏರಿದರೆ ಆ ಒಂದೇ ಮೀಟರ್ ಮೇಲೆ 625 ವೋಲ್ಟ್ ಬೀಳುತ್ತದೆ. ತಂತಿಯನ್ನು ಸುರುಳಿ ಸುತ್ತಿ ಪೆಟ್ಟಿಗೆಯೊಳಗೆ ತುರುಕಿದರೆ ಇನ್ನೂ ಜಾಸ್ತಿ. ಡಯೋಡ್ 50 ವೋಲ್ಟ್‌ಗೆ ಕಷ್ಟಪಟ್ಟು ಹಿಡಿದದ್ದೆಲ್ಲ ನೀರುಪಾಲು.

ಹಾಗಾದರೆ ಪಿಟ್ ಹತ್ತು ಮೀಟರ್ ದೂರ ಇದ್ದರೆ? ಪರವಾಗಿಲ್ಲ. ಮುಖ್ಯವಾದದ್ದು ಪ್ರೊಟೆಕ್ಟರ್‌ಗೂ ಅದು ಕಾಯುವ ಉಪಕರಣಕ್ಕೂ ನಡುವಿನ ತಂತಿ. ಪಂಪ್‌ಮನೆಯ ಪೆಟ್ಟಿಗೆಯಲ್ಲಿ ಒಂದು ಲೋಹದ ಪಟ್ಟಿ ಹಾಕಿ. ಪ್ರೊಟೆಕ್ಟರ್‌ನ ಅರ್ಥ್, ಪವರ್ ಸಪ್ಲೈನ ಅರ್ಥ್, ಕಂಟ್ರೋಲರ್‌ನ ಅರ್ಥ್, 230 ವೋಲ್ಟ್ ಕಡೆಯ ಸರ್ಜ್ ಪ್ರೊಟೆಕ್ಟರ್‌ನ ಅರ್ಥ್ ಎಲ್ಲವೂ ಗೇಣುದ್ದದ ತಂತಿಗಳಲ್ಲಿ ಅದಕ್ಕೇ ಬರಲಿ. ಅಲ್ಲಿಂದ ಪಿಟ್‌ಗೆ ಒಂದೇ ತಂತಿ. ಆ ಪಟ್ಟಿ ಸಾವಿರಾರು ವೋಲ್ಟ್ ಏರಿದರೂ ಎಲ್ಲವೂ ಜೊತೆಗೇ ಏರುತ್ತವೆ. ಹೊಂಡದ ಕಡೆಯೂ ಹಾಗೇ: ಪ್ರೊಟೆಕ್ಟರ್‌ನ ಅರ್ಥ್, ಸೆನ್ಸರ್‌ನ ಲೋಹದ ಮೈ, ಕಬ್ಬಿಣದ ಕಂಬ ಮೂರೂ ಒಂದೇ ಬೋಲ್ಟ್‌ಗೆ. 230 ವೋಲ್ಟ್ ಕಡೆಯ ಕೆಲಸವನ್ನು ಲೈಸೆನ್ಸ್ ಇರುವವರಿಂದಲೇ ಮಾಡಿಸಿ.

ಕೇಬಲ್‌ನ ಶೀಲ್ಡ್, ಅಂದರೆ ಒಳತಂತಿಗಳ ಸುತ್ತ ಇರುವ ಲೋಹದ ಹೊದಿಕೆಯ ವಿಷಯದಲ್ಲಿ ಸದಾ ಜಗಳ. ಎರಡೂ ತುದಿಗೆ ಅರ್ಥ್ ಮಾಡಿದರೆ 50 ಹರ್ಟ್ಸ್‌ನ ಕರೆಂಟ್ ಅದರಲ್ಲಿ ಸುತ್ತಾಡಿ ರೀಡಿಂಗ್ ಕುಣಿಯಬಹುದು. ಒಂದೇ ತುದಿಗೆ ಮಾಡಿದರೆ ಸಿಡಿಲಿಗೆ ಇನ್ನೊಂದು ತುದಿ ತೆರೆದಿರುತ್ತದೆ. ಪಂಪ್‌ಮನೆಯಲ್ಲಿ ನೇರವಾಗಿ, ಹೊಂಡದಲ್ಲಿ ಒಂದು ಗ್ಯಾಸ್ ಟ್ಯೂಬ್ ಮೂಲಕ ಕಟ್ಟಿದರೆ ಎರಡೂ ತೊಂದರೆ ತಪ್ಪುತ್ತದೆ.

ಇಷ್ಟೆಲ್ಲಾ ಮಾಡಿದರೂ ಸಿಡಿಲು ನೇರವಾಗಿ ಆ ಕಂಬಕ್ಕೇ ಬಡಿದರೆ ಸೆನ್ಸರ್ ಹೋಗುತ್ತದೆ. ಅದಕ್ಕೆ ಈ ಪೆಟ್ಟಿಗೆಯಲ್ಲಿ ಮದ್ದಿಲ್ಲ. ಪದೇ ಪದೇ ಸಿಡಿಲು ಬಡಿಯುವ ಜಾಗವಾದರೆ ಕೇಬಲ್ಲೇ ಬಿಟ್ಟು, ಬ್ಯಾಟರಿಯಲ್ಲಿ ನಡೆಯುವ ರೇಡಿಯೋ ಸೆನ್ಸರ್ ಹಾಕುವುದು ಜಾಣತನ.

ಸಿಡಿಲು ಮಳೆಯ ಮರುದಿನ ರೀಡಿಂಗ್ 20 ಮಿಲಿಆಂಪಿಯರ್ ದಾಟಿ ಅಲ್ಲೇ ನಿಂತಿದ್ದರೆ, ಹೊಸ ಸೆನ್ಸರ್‌ಗೆ ಫೋನ್ ಮಾಡುವ ಮುಂಚೆ ಹೊಂಡದ ಕಡೆ ಸೆನ್ಸರ್‌ನ ತಂತಿ ಬಿಚ್ಚಿ. ಕರೆಂಟ್ ಸೊನ್ನೆಗೆ ಇಳಿಯಬೇಕು. ಇಳಿಯದಿದ್ದರೆ ತೊಂದರೆ ಕೇಬಲ್‌ನಲ್ಲೋ ಪ್ರೊಟೆಕ್ಟರ್‌ನಲ್ಲೋ ಇದೆ. ಹೊರೆ ಮೀರಿದ ಟಿವಿಎಸ್ ಡಯೋಡ್ ಸಾಮಾನ್ಯವಾಗಿ ಶಾರ್ಟ್ ಆಗಿಯೇ ಸಾಯುತ್ತದೆ. ಸೊನ್ನೆಗೆ ಇಳಿದರೆ, ಬಿಚ್ಚಿದ ಸೆನ್ಸರ್‌ನ ತಂತಿಗೂ ಅದರ ಲೋಹದ ಮೈಗೂ ನಡುವೆ ಮಲ್ಟಿಮೀಟರ್ ಹಿಡಿಯಿರಿ. ಮೆಗಾಓಮ್‌ಗಟ್ಟಲೆ ತೋರಿಸಬೇಕಾದ ಕಡೆ ಕೆಲವೇ ಓಮ್ ತೋರಿಸಿದರೆ ಒಳಪದರ ತೂತಾಗಿದೆ ಎಂದರ್ಥ. ಈ ಪರೀಕ್ಷೆಗೆ ಹೆಚ್ಚು ವೋಲ್ಟ್ ಹಾಕಿ ನಿರೋಧಕ ಪದರ ಪರೀಕ್ಷಿಸುವ ಮೆಗ್ಗರ್ ಮಾತ್ರ ತರಬೇಡಿ, ಅದರ 500 ವೋಲ್ಟೇ ಒಳ್ಳೆಯ ಸೆನ್ಸರನ್ನೂ ಕೊಲ್ಲಬಹುದು.